ವರದಿಗೆ ಸಿಗದ ಹೊಗೆ

2015ರ ಸೆಪ್ಟೆಂಬರ್ 3ರಂದು ಫೋಕ್ಸ್‌ವ್ಯಾಗನ್ ಕಂಪನಿಯವರು ಅಮೆರಿಕದ ಪರಿಸರ ಅಧಿಕಾರಿಗಳ ಎದುರು ಕೂತು, ತಮ್ಮ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಇದೆ ಎಂದು ಒಪ್ಪಿಕೊಂಡರು. ಆ ಮಾತು ತಕ್ಷಣ ಹೊರಗೆ ಬರಲಿಲ್ಲ. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕದ ಆ ವರ್ಷದ ಪಟ್ಟಿ ಪ್ರಕಟವಾಯಿತು. ಕಾರು ತಯಾರಕರ ಸಾಲಿನಲ್ಲಿ ಮೊದಲ ಸ್ಥಾನ ಫೋಕ್ಸ್‌ವ್ಯಾಗನ್ನಿಗೇ ಸಿಕ್ಕಿತು. ನೂರಕ್ಕೆ 91 ಅಂಕ. ನೀತಿಸಂಹಿತೆ ಮತ್ತು ಕಾನೂನು ಪಾಲನೆಯ ವಿಭಾಗದಲ್ಲಂತೂ ನೂರಕ್ಕೆ ನೂರು.

ಅಂಕ ಕೊಟ್ಟವರ ಮೇಜಿನ ಮೇಲೆ ಇದ್ದದ್ದು ಮುಖ್ಯವಾಗಿ ಕಂಪನಿಯೇ ಭರ್ತಿ ಮಾಡಿದ ಪ್ರಶ್ನಾವಳಿ, ಕಂಪನಿಯೇ ಪ್ರಕಟಿಸಿದ ವರದಿಗಳು. ಅವುಗಳಲ್ಲಿ ಅಂಕಿಅಂಶಕ್ಕೆ ಬರ ಇರಲಿಲ್ಲ. ಅಷ್ಟು ಪುಟಗಳಲ್ಲಿ ಯಾರಿಗೂ ಕಾಣದಿದ್ದ ಹೊಗೆ, ಅಮೆರಿಕದ ಒಂದು ವಿಶ್ವವಿದ್ಯಾಲಯದ ನಾಲ್ಕಾರು ಸಂಶೋಧಕರಿಗೆ ಕಂಡಿತು. ಹೇಗೆ ಕಂಡಿತು ಎನ್ನುವುದು ಒಂದು ಕತೆ. ವರದಿಯಲ್ಲಿ ಏಕೆ ಕಾಣಲಿಲ್ಲ ಎನ್ನುವುದು, ಮ್ಯಾನೇಜ್‌ಮೆಂಟ್ ಓದುವವರು ಆ ಕತೆಯಿಂದ ತೆಗೆದುಕೊಳ್ಳಬೇಕಾದ ಪಾಠ.

ಪುಟಗಳಲ್ಲಿ ಇದ್ದದ್ದು

ಮೊದಲು ವರದಿಗಳು ಏನು ಹೇಳುತ್ತಿದ್ದವು ಎಂದು ನೋಡೋಣ. 2018ರ ಹೊತ್ತಿಗೆ ಜಗತ್ತಿನ ಅತ್ಯಂತ ಯಶಸ್ವಿ, ಅತ್ಯಂತ ಸುಸ್ಥಿರ ಕಾರು ಕಂಪನಿ ಆಗುವುದು ಫೋಕ್ಸ್‌ವ್ಯಾಗನ್ನಿನ ಘೋಷಿತ ಗುರಿ. ಅದರ ಕೆಳಗೆ ‘ಥಿಂಕ್ ಬ್ಲೂ ಫ್ಯಾಕ್ಟರಿ’ ಎಂಬ ಕಾರ್ಯಕ್ರಮ. ವಿದ್ಯುತ್ ಮತ್ತು ಇಂಧನ, ನೀರು, ಕಸ, ಇಂಗಾಲದ ಡೈಆಕ್ಸೈಡ್, ಬಣ್ಣದ ಕೋಣೆಯಿಂದ ಏಳುವ ದ್ರಾವಕಗಳ ಆವಿ, ಈ ಐದನ್ನೂ 2010ಕ್ಕೆ ಹೋಲಿಸಿ 2018ರೊಳಗೆ ಶೇ 25ರಷ್ಟು ಇಳಿಸುವುದಾಗಿ ಕಂಪನಿ ಹೇಳಿತ್ತು. ಈ ಲೆಕ್ಕವನ್ನು ಸುಳ್ಳೆಂದು ತಳ್ಳಿಹಾಕಲು ಕಾರಣವಿಲ್ಲ. ಆದರೆ ಅದರಲ್ಲಿ ಎರಡು ಸಣ್ಣ ಷರತ್ತುಗಳಿದ್ದವು.

ಒಂದು, ಇಳಿಕೆ ‘ಪ್ರತಿ ವಾಹನಕ್ಕೆ’. ಫೋಕ್ಸ್‌ವ್ಯಾಗನ್ ಸಮೂಹ 2010ರಲ್ಲಿ ಸುಮಾರು 73 ಲಕ್ಷ ವಾಹನ ತಯಾರಿಸಿತ್ತು, 2014ರಲ್ಲಿ ಸುಮಾರು 1 ಕೋಟಿ 2 ಲಕ್ಷ. ಅಂದರೆ ಉತ್ಪಾದನೆ ಹೆಚ್ಚುಕಡಿಮೆ ಶೇ 39ರಷ್ಟು ಏರಿತ್ತು. ಪ್ರತಿ ವಾಹನದ ಬಳಕೆಯಲ್ಲಿ ಶೇ 25ರ ಗುರಿಯನ್ನು 2014ರಲ್ಲೇ ಪೂರ್ತಿ ಮುಟ್ಟಿದ್ದರು ಅಂದುಕೊಂಡರೂ 1.39ನ್ನು 0.75ರಿಂದ ಗುಣಿಸಿದರೆ 1.04 ಬರುತ್ತದೆ. ಪ್ರತಿ ಕಾರಿನ ಲೆಕ್ಕ ಕಾಲುಭಾಗ ಇಳಿದಾಗಲೂ ನದಿಯಿಂದ ಎತ್ತುವ ನೀರು, ಗಾಳಿಗೆ ಬಿಡುವ ಇಂಗಾಲ ಒಟ್ಟಾರೆ ಕೊಂಚ ಏರಿಯೇ ಇರುತ್ತದೆ. ಎರಡು ವಾಕ್ಯವೂ ನಿಜ. ಮುಖಪುಟಕ್ಕೆ ಬರುವುದು ಮಾತ್ರ ಮೊದಲನೆಯದು.

ಎರಡನೆಯ ಷರತ್ತು ಇನ್ನೂ ಮುಖ್ಯವಾದದ್ದು. ಈ ಐದೂ ಅಳತೆಗಳು ಕಾರ್ಖಾನೆಯ ಗೇಟಿನ ಒಳಗಿನವು. ಕಾರು ಗೇಟು ದಾಟಿದ ಮೇಲೆ ಹತ್ತು ಹದಿನೈದು ವರ್ಷ ರಸ್ತೆಯಲ್ಲಿ ಉಗುಳುವ ಹೊಗೆ ಆ ಕೋಷ್ಟಕಕ್ಕೆ ಸೇರಿಲ್ಲ. ಮಾರಿದ ಕಾರುಗಳ ಬಗ್ಗೆ ವರದಿಯಲ್ಲಿ ಬೇರೆಡೆ ಒಂದು ಅಂಕಿ ಇರುತ್ತಿತ್ತು. ಅದು ಹೊಸ ಕಾರುಗಳು ಕಿಲೋಮೀಟರಿಗೆ ಬಿಡುವ ಇಂಗಾಲದ ಡೈಆಕ್ಸೈಡಿನ ಸರಾಸರಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ದಾಖಲಾದದ್ದು. ಆ ಸರಾಸರಿಯನ್ನು ಚೆಂದವಾಗಿಸಿದ್ದೇ ಡೀಸೆಲ್. ಪೆಟ್ರೋಲಿಗಿಂತ ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ಡೀಸೆಲ್ ಎಂಜಿನ್ ಇಂಗಾಲದ ಕಾಲಮ್ಮಿನಲ್ಲಿ ಒಳ್ಳೆಯ ಹುಡುಗ. ಆದರೆ ಹೆಚ್ಚಿನ ಒತ್ತಡ, ಹೆಚ್ಚಿನ ಶಾಖದಲ್ಲಿ ಉರಿಯುವ ಅದೇ ಎಂಜಿನ್ ಗಾಳಿಯ ನೈಟ್ರೋಜನ್ನನ್ನೂ ಆಮ್ಲಜನಕವನ್ನೂ ಬೆಸೆದು ನೈಟ್ರೋಜನ್ ಆಕ್ಸೈಡುಗಳನ್ನು ಹುಟ್ಟಿಸುತ್ತದೆ. ಎಂಜಿನಿಯರುಗಳ ಬಾಯಲ್ಲಿ ಅದು ನಾಕ್ಸ್. ಉಸಿರಾಟದ ಕಾಯಿಲೆಗೂ ನಗರಗಳ ಓಝೋನ್ ಮಬ್ಬಿಗೂ ಅದು ಕಾರಣ. ಇಂಗಾಲದ ಕಾಲಮ್ಮಿನಲ್ಲಿ ಬಂದ ಲಾಭದ ಬೆಲೆ ನಾಕ್ಸ್ ಕಾಲಮ್ಮಿನಲ್ಲಿ ಕಾಣಬೇಕಿತ್ತು. ರಸ್ತೆಯಲ್ಲಿ ಓಡುವ ಕಾರುಗಳಿಗೆ ಅಂಥ ಕಾಲಮ್ಮೇ ಇರಲಿಲ್ಲ.

ಡೀಸೆಲ್ ಸ್ವಚ್ಛ ಎಂದು ತೋರಿಸಲು ಹೊರಟವರು

ವಂಚನೆ ಹಿಡಿಯಬೇಕೆಂದು ಯಾರೂ ಹೊರಟಿರಲಿಲ್ಲ. ಸ್ವಚ್ಛ ಸಾರಿಗೆ ಕುರಿತು ಅಧ್ಯಯನ ಮಾಡುವ ಐಸಿಸಿಟಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಬರ್ಲಿನ್ನಿನ ಪೀಟರ್ ಮಾಕ್ ಮತ್ತು ಅಮೆರಿಕದ ಜಾನ್ ಜರ್ಮನ್ ಎಂಬ ಇಬ್ಬರಿದ್ದರು. ಯುರೋಪಿನ ಡೀಸೆಲ್ ಕಾರುಗಳು ಪ್ರಯೋಗಾಲಯದಲ್ಲಿ ಮಿತಿಯೊಳಗೆ ಇದ್ದು ರಸ್ತೆಗಿಳಿದರೆ ಮಿತಿ ಮೀರುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅಮೆರಿಕದ ಕತೆ ಬೇರೆ ಇರಬೇಕು ಎಂದು ಅವರು ಅಂದುಕೊಂಡರು. ಆಗ ಯುರೋಪಿನಲ್ಲಿ ಚಾಲ್ತಿಯಲ್ಲಿದ್ದ ಯೂರೋ 5 ನಿಯಮದಂತೆ ಡೀಸೆಲ್ ಕಾರು ಕಿಲೋಮೀಟರಿಗೆ 0.18 ಗ್ರಾಂ ನಾಕ್ಸ್ ಬಿಡಬಹುದಿತ್ತು. ಅಮೆರಿಕದಲ್ಲಿ ಮಿತಿ 0.043 ಗ್ರಾಂ, ನಾಲ್ಕು ಪಟ್ಟು ಬಿಗಿ. ಅಷ್ಟು ಬಿಗಿಯಾದ ಕಡೆಯೂ ಫೋಕ್ಸ್‌ವ್ಯಾಗನ್ ‘ಕ್ಲೀನ್ ಡೀಸೆಲ್’ ಎಂಬ ಜಾಹೀರಾತಿನಡಿ ಕಾರು ಮಾರುತ್ತಿತ್ತು. ಅದರ ಜೆಟ್ಟಾ 2009ರ, ಅದೇ ಸಮೂಹದ ಆಡಿ ಎ3 2010ರ ‘ವರ್ಷದ ಹಸಿರು ಕಾರು’ ಪ್ರಶಸ್ತಿಯನ್ನೂ ಗೆದ್ದಿದ್ದವು. ಅಮೆರಿಕದ ರಸ್ತೆಯಲ್ಲಿ ಅಳೆದು ತೋರಿಸಿದರೆ, ‘ನೋಡಿ, ಮನಸ್ಸು ಮಾಡಿದರೆ ಆಗುತ್ತದೆ’ ಎಂದು ಯುರೋಪಿಗೆ ಹೇಳಬಹುದು ಎನ್ನುವುದು ಅವರ ಲೆಕ್ಕಾಚಾರ.

2012ರಲ್ಲಿ ಐಸಿಸಿಟಿ ಈ ಕೆಲಸಕ್ಕೆ ಅರ್ಜಿ ಕರೆಯಿತು. ಮೊತ್ತ ಒಂದು ಲಕ್ಷ ಡಾಲರಿಗಿಂತ ಕಡಿಮೆ. ಗೆದ್ದದ್ದು ಮಾರ್ಗನ್‌ಟೌನಿನ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಎಂಜಿನ್ ಮತ್ತು ಹೊಗೆ ಸಂಶೋಧನಾ ಕೇಂದ್ರ. ಡ್ಯಾನ್ ಕಾರ್ಡರ್ ಅಲ್ಲಿನ ಮುಖ್ಯಸ್ಥ. ಅರವಿಂದ್ ತಿರುವೆಂಗಡಂ, ಸ್ವಿಟ್ಜರ್ಲೆಂಡಿನ ಮಾರ್ಕ್ ಬೆಷ್, ಬೆಂಗಳೂರಿನಿಂದ ಹೋಗಿ ಅಲ್ಲಿ ಓದುತ್ತಿದ್ದ ಹೇಮಂತ್ ಕಪ್ಪಣ್ಣ ತಂಡದಲ್ಲಿದ್ದರು. ಅನುದಾನದ ಅರ್ಜಿ ಸಿದ್ಧವಾಗುವಲ್ಲಿ ಕಪ್ಪಣ್ಣನವರ ಕೈ ಇತ್ತು.

ಡಿಕ್ಕಿಯಲ್ಲಿ ಪ್ರಯೋಗಾಲಯ

ಆಗ ಕಾರಿನ ಹೊಗೆಗೆ ಸರ್ಟಿಫಿಕೇಟು ಸಿಗುತ್ತಿದ್ದದ್ದು ಡೈನಮೋಮೀಟರ್ ಮೇಲಿನ ಪರೀಕ್ಷೆಯಿಂದ. ಕಾರನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಎಂಜಿನ್ ಓಡುತ್ತದೆ, ಮುಂದಿನ ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ ಎಂಬುದು ಮೊದಲೇ ಬರೆದಿಟ್ಟ ವೇಳಾಪಟ್ಟಿಯಂತೆ. ಕಾರುಗಳನ್ನು ನ್ಯಾಯವಾಗಿ ಹೋಲಿಸಲು ಇಂಥ ಶಿಸ್ತು ಬೇಕೇ ಬೇಕು. ಅದರ ದೌರ್ಬಲ್ಯವೂ ಅದೇ: ಪ್ರಶ್ನೆಪತ್ರಿಕೆ ಎಲ್ಲರಿಗೂ ಮೊದಲೇ ಗೊತ್ತು.

ವೆಸ್ಟ್ ವರ್ಜೀನಿಯಾದವರ ಹತ್ತಿರ ಇನ್ನೊಂದು ದಾರಿ ಇತ್ತು. ಲಾರಿಗಳ ಹೊಗೆ ಅಳೆಯಲು ಅವರು ಬಳಸುತ್ತಿದ್ದ, ಸಾಗಿಸಬಹುದಾದ ಅಳತೆಯ ಉಪಕರಣ. ಸೈಲೆನ್ಸರಿನ ಬಾಯಿಗೆ ಕೊಳವೆ ಸಿಕ್ಕಿಸಿ, ಹೊಗೆಯ ಹರಿವು ಅಳೆಯುವ ಮೀಟರ್ ಕೂರಿಸಿ, ಅನಿಲ ವಿಶ್ಲೇಷಿಸುವ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ಇಟ್ಟರೆ ಕಾರು ಓಡುತ್ತಿರುವಾಗಲೇ ಪ್ರತಿ ಸೆಕೆಂಡಿನ ಲೆಕ್ಕ ಸಿಗುತ್ತದೆ. ಜಿಪಿಎಸ್ ಜೊತೆಗಿದ್ದರೆ ಯಾವ ಏರಿನಲ್ಲಿ, ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊಗೆ ಎಂಬುದೂ ತಿಳಿಯುತ್ತದೆ. ಕಾರಿನ ಬ್ಯಾಟರಿಯಿಂದ ವಿದ್ಯುತ್ ಎಳೆದರೆ ಎಂಜಿನ್ ಮೇಲೆ ಭಾರ ಬಿದ್ದು ಅಳತೆ ಕೆಡುತ್ತದೆ. ಅದಕ್ಕಾಗಿ ಸಣ್ಣ ಜನರೇಟರನ್ನೂ ಹೊತ್ತೊಯ್ಯಬೇಕಾಯಿತು.

2013ರ ವಸಂತದಲ್ಲಿ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿ ಡೀಸೆಲ್ ಕಾರು ಸುಲಭವಾಗಿ ಸಿಗುತ್ತಿದ್ದವು. ರಾಜ್ಯದ ವಾಯು ಸಂಪನ್ಮೂಲ ಮಂಡಳಿ, ಅಂದರೆ ಕಾರ್ಬ್, ತನ್ನ ಪ್ರಯೋಗಾಲಯವನ್ನು ಬಳಸಲು ಬಿಟ್ಟಿತ್ತು. ಮೂರು ಕಾರುಗಳು ಆಯ್ಕೆಯಾದವು. ಮೊದಲನೆಯದು 2012ರ ಜೆಟ್ಟಾ. ನಾಕ್ಸನ್ನು ಹೀರಿಟ್ಟುಕೊಂಡು, ಆಗಾಗ ಹೆಚ್ಚುವರಿ ಡೀಸೆಲ್ ಸುರಿದು ಅದನ್ನು ತೊಳೆದುಹಾಕುವ ಬಲೆಯಂಥ ಸಾಧನ ಅದರಲ್ಲಿತ್ತು. ಎರಡನೆಯದು 2013ರ ಪಸ್ಸಾಟ್, ಮೂರನೆಯದು ಬಿಎಂಡಬ್ಲ್ಯು ಎಕ್ಸ್5. ಇವೆರಡರಲ್ಲಿ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸಿ ನಾಕ್ಸನ್ನು ಮತ್ತೆ ನೈಟ್ರೋಜನ್ ಮಾಡುವ ವ್ಯವಸ್ಥೆ. ಎರಡು ಪದ್ಧತಿಗೂ ಖರ್ಚು ಇದೆ ಎನ್ನುವುದನ್ನು ಗಮನಿಸಿ. ಒಂದು ಮೈಲೇಜು ತಿನ್ನುತ್ತದೆ, ಇನ್ನೊಂದು ಯೂರಿಯಾ ಕುಡಿಯುತ್ತದೆ. ವಂಚನೆಯ ಆಸೆ ಹುಟ್ಟಿದ್ದು ಈ ಖರ್ಚಿನಲ್ಲಿ.

ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರದ ಬೀದಿಗಳು, ಹೆದ್ದಾರಿ, ಬೆಟ್ಟದ ಹಾದಿ ಹೀಗೆ ಐದು ಮಾರ್ಗಗಳಲ್ಲಿ ಓಡಿಸಿದರು. ಪಸ್ಸಾಟನ್ನು ಲಾಸ್ ಏಂಜಲಿಸ್ ಮತ್ತು ಸಿಯಾಟಲ್ ನಡುವೆ ಹೆಚ್ಚುಕಡಿಮೆ 4000 ಕಿಲೋಮೀಟರ್ ಓಡಿಸಿದರು.

ಅಂಕಿಗಳು ನಂಬುವಂತಿರಲಿಲ್ಲ. ಮಿತಿ 0.043 ಗ್ರಾಂ. ಮಾರ್ಗಕ್ಕೆ ತಕ್ಕಂತೆ ಜೆಟ್ಟಾದ ಸರಾಸರಿ 0.61ರಿಂದ 1.5 ಗ್ರಾಂ. ಅಧ್ಯಯನದ ವರದಿ ಇದನ್ನು ಮಿತಿಯ 15ರಿಂದ 35 ಪಟ್ಟು ಎಂದು ಬರೆಯಿತು. ಪಸ್ಸಾಟ್ 5ರಿಂದ 20 ಪಟ್ಟು.

ಅನುಮಾನ ಮೊದಲು ತಮ್ಮ ಮೇಲೇ

ಇಂಥ ಸಂಖ್ಯೆ ಬಂದಾಗ ಒಳ್ಳೆಯ ಎಂಜಿನಿಯರ್ ಕಂಪನಿಯನ್ನು ಅನುಮಾನಿಸುವ ಮೊದಲು ತನ್ನ ಉಪಕರಣವನ್ನು ಅನುಮಾನಿಸುತ್ತಾನೆ. ಈ ಪ್ರಯೋಗದ ವಿನ್ಯಾಸದಲ್ಲೇ ಆ ಅನುಮಾನಕ್ಕೆ ಉತ್ತರ ಇತ್ತು. ಅದೂ ಎರಡು ಉತ್ತರ.

ಮೊದಲನೆಯದು ಕಾರ್ಬ್ ಪ್ರಯೋಗಾಲಯದ್ದು. ಅದೇ ಕಾರುಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆದಾಗ, ಪ್ರಯೋಗಾಲಯದ ದೊಡ್ಡ ಯಂತ್ರವೂ ತಂಡ ಹೊತ್ತು ತಂದ ಉಪಕರಣವೂ ಹೆಚ್ಚುಕಡಿಮೆ ಒಂದೇ ಲೆಕ್ಕ ಕೊಟ್ಟವು. ಅಂದರೆ ಉಪಕರಣ ಸರಿ ಇದೆ. ಆದರೆ ಅಲ್ಲಿ ಎರಡೂ ಫೋಕ್ಸ್‌ವ್ಯಾಗನ್ ಕಾರುಗಳು ಮಿತಿಯೊಳಗೆ ಇದ್ದವು. ಕೋಣೆಯೊಳಗೆ ಸಾಧುವಾದ ಕಾರು ರಸ್ತೆಯಲ್ಲಿ ಮಾತ್ರ ಬೇರೆಯಾಗುತ್ತದೆ.

ಎರಡನೆಯ ಉತ್ತರ ಬಿಎಂಡಬ್ಲ್ಯು ಕೊಟ್ಟಿತು. ಅದೇ ರಸ್ತೆ, ಅದೇ ಬಿಸಿಲು, ಅದೇ ಉಪಕರಣ. ಬೆಟ್ಟದ ಏರಿಳಿತ ಬಿಟ್ಟರೆ ಅದು ಬಹುಪಾಲು ಮಿತಿಯಲ್ಲೇ ಇತ್ತು. ಹಾಗಾಗಿ ‘ರಸ್ತೆಯಲ್ಲಿ ಯಾವ ಡೀಸೆಲ್ ಕಾರೂ ಮಿತಿ ಮುಟ್ಟದು’ ಎಂಬ ಸಮಜಾಯಿಷಿಗೆ ಜಾಗ ಇಲ್ಲದಾಯಿತು. ಮೂರನೆಯ ಕಾರು ಇರದಿದ್ದರೆ ಇಡೀ ಅಧ್ಯಯನ ‘ರಸ್ತೆ ಎಂದರೆ ಹಾಗೇ’ ಎಂಬ ಮಾತಿನಲ್ಲಿ ಕರಗಿಹೋಗಬಹುದಿತ್ತು.

2014ರ ವಸಂತದಲ್ಲಿ ಸ್ಯಾನ್ ಡಿಯಾಗೊದ ಒಂದು ಸಮಾವೇಶದಲ್ಲಿ ತಿರುವೆಂಗಡಂ ಫಲಿತಾಂಶ ಮಂಡಿಸಿದರು. ಕಾರುಗಳ ಹೆಸರು ಹೇಳಲಿಲ್ಲ. ಎ, ಬಿ, ಸಿ ಎಂದಷ್ಟೇ ಹೇಳಿದರು. ಆ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. ಅದರಲ್ಲೂ ವಂಚನೆ ಎಂಬ ಪದ ಇಲ್ಲ. ಅವರಿಗೆ ಗೊತ್ತಿದ್ದದ್ದು ಅಂತರ. ಅದರ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನೇ ಬರೆದರು.

ಒಂದೇ ಹಂತವನ್ನು ಮತ್ತೆ ಮತ್ತೆ

ಮುಂದಿನ ಕೆಲಸ ಕಾರ್ಬ್ ಮತ್ತು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೈಗೆತ್ತಿಕೊಂಡವು. ಫೋಕ್ಸ್‌ವ್ಯಾಗನ್ ತಾಂತ್ರಿಕ ದೋಷ, ಅನಿರೀಕ್ಷಿತ ಬಳಕೆಯ ಸ್ಥಿತಿ ಎಂದೆಲ್ಲ ಕಾರಣ ಕೊಟ್ಟಿತು. 2014ರ ಡಿಸೆಂಬರಿನಲ್ಲಿ ಸುಮಾರು ಐದು ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಬದಲಿಸುವುದಾಗಿ ಹೇಳಿತು. ಬದಲಿಸಿದ ಕಾರುಗಳನ್ನು ಕಾರ್ಬ್ 2015ರ ಮೇ ತಿಂಗಳಿಂದ ಮತ್ತೆ ಪರೀಕ್ಷಿಸಿತು. ರಸ್ತೆಯಲ್ಲಿ ನಾಕ್ಸ್ ಇನ್ನೂ ಮಿತಿಯ ಮೇಲೇ ಇತ್ತು.

ಆಗ ಕಾರ್ಬ್ ಎಂಜಿನಿಯರುಗಳು ಪ್ರಶ್ನೆಪತ್ರಿಕೆಯನ್ನೇ ಬದಲಿಸಿದರು. ಪ್ರಮಾಣಿತ ಪರೀಕ್ಷೆಗೆ ಗೊತ್ತಾದ ಹಂತಗಳಿವೆ, ಗೊತ್ತಾದ ಅವಧಿ ಇದೆ. ಅವರು ಎರಡನೆಯ ಹಂತವನ್ನು ಮಾತ್ರ ಮತ್ತೆ ಮತ್ತೆ ಓಡಿಸಿದರು. ಉರುಳೆ ಅದೇ, ಕೋಣೆ ಅದೇ, ವೇಗವೂ ಅದೇ. ಓಡಿಸುತ್ತ ಹೋದಂತೆ ನಾಕ್ಸ್ ಏರುತ್ತ ಹೋಯಿತು. ಬಿಸಿಯಾದ ಎಂಜಿನ್‌ನಲ್ಲಿ ಶುದ್ಧೀಕರಣ ಇನ್ನೂ ಚೆನ್ನಾಗಿ ನಡೆಯಬೇಕು, ಇಲ್ಲಿ ತಿರುಗುಮುರುಗು. ಕಾರಿಗೆ ‘ಇದು ಪರೀಕ್ಷೆಯಲ್ಲ’ ಎಂದು ಅನ್ನಿಸಿದ ಕ್ಷಣ ಅದು ಕೈಬಿಡುತ್ತಿತ್ತು.

ಹೀಗೆ ‘ಅನ್ನಿಸುವ’ ಬಗೆ ಆಮೇಲೆ ತಿಳಿಯಿತು. ಸ್ಟಿಯರಿಂಗ್ ತಿರುಗುತ್ತಿದೆಯೇ, ವೇಗ ಎಷ್ಟು, ಎಂಜಿನ್ ಶುರುವಾಗಿ ಎಷ್ಟು ಹೊತ್ತಾಯಿತು, ಗಾಳಿಯ ಒತ್ತಡ ಎಷ್ಟು ಎಂಬುದನ್ನೆಲ್ಲ ಸಾಫ್ಟ್‌ವೇರ್ ಗಮನಿಸುತ್ತಿತ್ತು. ಎಲ್ಲವೂ ಪರೀಕ್ಷೆಯ ವೇಳಾಪಟ್ಟಿಗೆ ಹೊಂದಿದರೆ ಒಂದು ಬಗೆಯ ಶುದ್ಧೀಕರಣ, ಹೊಂದದಿದ್ದರೆ ಇನ್ನೊಂದು. ಎಂಜಿನ್ ನಿಯಂತ್ರಕವನ್ನು ಬಿಡಿಸಿ ನೋಡಿದ ಸಂಶೋಧಕರಿಗೆ ಈ ಭಾಗ, ಶಬ್ದಕ್ಕೆ ಸಂಬಂಧಿಸಿದ ಒಂದು ಸೌಲಭ್ಯದ ಹೆಸರಿನಲ್ಲಿ ಸಿಕ್ಕಿತು.

2016ರ ಮಾದರಿಯ ಡೀಸೆಲ್ ಕಾರುಗಳಿಗೆ ಸರ್ಟಿಫಿಕೇಟು ಕೊಡುವುದಿಲ್ಲ ಎಂದು ಅಧಿಕಾರಿಗಳು ಪಟ್ಟು ಹಿಡಿದ ಮೇಲೆಯೇ ಕಂಪನಿ ಬಾಯಿಬಿಟ್ಟದ್ದು. ಸೆಪ್ಟೆಂಬರ್ 18ರಂದು ಇಪಿಎ 4.82 ಲಕ್ಷ ಕಾರುಗಳ ಬಗ್ಗೆ ನೋಟಿಸ್ ಹೊರಡಿಸಿತು. 22ರಂದು, ಜಗತ್ತಿನಾದ್ಯಂತ ಇಂಥ ಕಾರುಗಳು 1.1 ಕೋಟಿ ಎಂದು ಕಂಪನಿಯೇ ಹೇಳಿತು. ಮರುದಿನ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಅಕ್ಟೋಬರ್ 6ರಿಂದ ಸುಸ್ಥಿರತಾ ಸೂಚ್ಯಂಕ ಫೋಕ್ಸ್‌ವ್ಯಾಗನ್ನನ್ನು ಪಟ್ಟಿಯಿಂದ ತೆಗೆಯಿತು. 2020ರ ಹೊತ್ತಿಗೆ ದಂಡ, ಪರಿಹಾರ, ವಾಪಸಾತಿಯ ಒಟ್ಟು ಖರ್ಚು 3000 ಕೋಟಿ ಯೂರೊ ದಾಟಿತ್ತು.

ವರದಿಯ ಯಾವ ಸಾಲಿನಲ್ಲಿ ಇದು ಬರಬೇಕಿತ್ತು?

ಈಗ ತರಗತಿಯ ಪ್ರಶ್ನೆ. ಒಂದು ಸಣ್ಣ ಲೆಕ್ಕ ಹಾಕೋಣ. ರಸ್ತೆಯಲ್ಲಿ ಕಿಲೋಮೀಟರಿಗೆ 1 ಗ್ರಾಂ ನಾಕ್ಸ್ ಬಿಡುವ ಕಾರು ವರ್ಷಕ್ಕೆ 15,000 ಕಿಲೋಮೀಟರ್ ಓಡಿದರೆ 15 ಕಿಲೋ ನಾಕ್ಸ್ ಆಯಿತು. ಕಾನೂನು ಒಪ್ಪುವುದು ಕೇವಲ 645 ಗ್ರಾಂ. ಹೆಚ್ಚುವರಿ ಸುಮಾರು 14.4 ಕಿಲೋ. ಅಂಥ ಒಂದು ಲಕ್ಷ ಕಾರು ಎಂದರೆ ವರ್ಷಕ್ಕೆ 1,400 ಟನ್ನಿಗೂ ಹೆಚ್ಚು. ಈ ಟನ್ನುಗಳನ್ನು ಕಂಪನಿಯ ಸುಸ್ಥಿರತಾ ವರದಿಯಲ್ಲಿ ಎಲ್ಲಿ ಬರೆಯುತ್ತೀರಿ?

ಭಾರತದ ನಮೂನೆಯನ್ನೇ ತೆಗೆದುಕೊಳ್ಳಿ. ಷೇರು ಮಾರುಕಟ್ಟೆಯ ಅಗ್ರ 1000 ಕಂಪನಿಗಳಿಗೆ ಸೆಬಿ 2022–23ರಿಂದ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ಕಡ್ಡಾಯ ಮಾಡಿದೆ. ಅದರ ಆರನೆಯ ತತ್ವ ಪರಿಸರದ್ದು. ಅಲ್ಲಿ ನಾಕ್ಸ್‌ಗೆ ಪ್ರತ್ಯೇಕ ಸಾಲು ಇದೆ. ಆದರೆ ಅದು ಕೇಳುವುದು ಕಂಪನಿ ಬಿಡುವ ನಾಕ್ಸನ್ನು, ಎಂದರೆ ಅದರ ಚಿಮಣಿ, ಬಾಯ್ಲರ್, ಜನರೇಟರುಗಳ ಹೊಗೆಯನ್ನು. ಮಾರಿದ ಕಾರಿನ ಹೊಗೆ ಅಲ್ಲಿ ಬರುವುದಿಲ್ಲ. ಸರಿ, ಮಾರಿದ ವಸ್ತುವಿನ ಬಳಕೆಯನ್ನೂ ಸೇರಿಸಿಕೊಳ್ಳುವ ‘ಸ್ಕೋಪ್ 3’ ಇದೆಯಲ್ಲ? ಅದು ಹಸಿರುಮನೆ ಅನಿಲಗಳ ಲೆಕ್ಕ ಮಾತ್ರ. ನಾಕ್ಸ್ ಆ ಪಟ್ಟಿಯಲ್ಲಿ ಇಲ್ಲ. ಒಂದು ಕೋಷ್ಟಕ ಅನಿಲವನ್ನು ಕೇಳುತ್ತದೆ, ಗೇಟಿನ ಆಚೆ ನೋಡುವುದಿಲ್ಲ. ಇನ್ನೊಂದು ಗೇಟಿನ ಆಚೆ ನೋಡುತ್ತದೆ, ಆ ಅನಿಲವನ್ನು ಕೇಳುವುದಿಲ್ಲ. ಪ್ರತಿ ಸಾಲನ್ನೂ ಪ್ರಾಮಾಣಿಕವಾಗಿ ತುಂಬಿದರೂ ಆ 1,400 ಟನ್ ಎರಡು ಕೋಷ್ಟಕಗಳ ನಡುವೆ ಬಿದ್ದುಹೋಗುತ್ತದೆ.

ಗ್ರೀನ್‌ವಾಷಿಂಗ್ ಎಂದರೆ ವರದಿಯಲ್ಲಿ ಸುಳ್ಳು ಅಂಕಿ ಬರೆಯುವುದು ಎಂದು ಹಲವರು ತಿಳಿಯುತ್ತಾರೆ. ಫೋಕ್ಸ್‌ವ್ಯಾಗನ್ ಪ್ರಕರಣ ತೋರಿಸುವುದು ಬೇರೆ. ಗೇಟಿನ ಒಳಗಿನ ಅಂಕಿಗಳು ನಿಜವಿದ್ದಷ್ಟೂ ಗೇಟಿನ ಹೊರಗಿನ ಮಾತನ್ನು ನಂಬುವುದು ಸುಲಭವಾಗುತ್ತದೆ. ಆದ್ದರಿಂದ ಒಂದು ವರದಿ ಕೈಗೆ ಬಂದಾಗ ಅಂಕಿ ಸರಿಯೇ ಎಂದು ಕೇಳುವ ಮೊದಲು ಅಂಕಿಯ ಗಡಿ ಎಲ್ಲಿದೆ ಎಂದು ಕೇಳಬೇಕು.

ಕ್ರಮವಾಗಿ ಹೇಳುವುದಾದರೆ, ಮೊದಲು ವರದಿಯನ್ನು ಮುಚ್ಚಿಟ್ಟು, ಈ ಉದ್ಯಮದ ಅತಿ ದೊಡ್ಡ ಹಾನಿ ಎಲ್ಲಿ ಆಗುತ್ತದೆ ಎಂದು ನೀವೇ ಬರೆದುಕೊಳ್ಳಿ. ಕಾರಿಗೆ ಅದು ರಸ್ತೆ, ಸಿಮೆಂಟಿಗೆ ಗೂಡು, ಬ್ಯಾಂಕಿಗೆ ಅದು ಸಾಲ ಕೊಟ್ಟ ಯೋಜನೆಗಳು. ಆಮೇಲೆ ವರದಿ ತೆರೆದು ಆ ಜಾಗಕ್ಕೆ ಎಷ್ಟು ಪುಟ ಸಿಕ್ಕಿದೆ ನೋಡಿ. ಬ್ಯಾಂಕಿನ ವರದಿಯಲ್ಲಿ ಎಲ್‌ಇಡಿ ದೀಪ, ಗಿಡ ನೆಟ್ಟ ಚಿತ್ರಗಳೇ ತುಂಬಿ, ಸಾಲದ ಬಗ್ಗೆ ಒಂದು ಪ್ಯಾರಾ ಇದ್ದರೆ ಗಡಿಯನ್ನು ಎಲ್ಲಿ ಎಳೆದಿದ್ದಾರೆ ಎಂದು ಗೊತ್ತಾಗುತ್ತದೆ.

ಎರಡನೆಯದಾಗಿ ‘ಪ್ರತಿ ವಾಹನಕ್ಕೆ’, ‘ಪ್ರತಿ ಕೋಟಿ ವಹಿವಾಟಿಗೆ’ ಎಂಬ ಲೆಕ್ಕ ಕಂಡಲ್ಲಿ ಒಟ್ಟು ಮೊತ್ತವನ್ನು ಹುಡುಕಿ. ಬಿಆರ್‌ಎಸ್‌ಆರ್ ಎರಡನ್ನೂ ಕೇಳುತ್ತದೆ. ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲೇ ಇರುತ್ತದೆ. ವಹಿವಾಟಿನ ಮೇಲಿನ ಲೆಕ್ಕ ಬೆಲೆ ಏರಿದರೂ ಇಳಿಯುತ್ತದೆ. ಕಾರ್ಖಾನೆಯಲ್ಲಿ ಏನೂ ಬದಲಾಗಿರಬೇಕಿಲ್ಲ.

ಮೂರನೆಯದು ಪರೀಕ್ಷೆಯ ಸ್ಥಿತಿ. ಅಂಕಿ ಅಳೆದದ್ದೋ ಅಂದಾಜಿನದೋ? ಅಳೆದದ್ದಾದರೆ ಎಲ್ಲಿ, ಯಾರು, ಎಷ್ಟು ಹೊತ್ತು? ವರದಿಯ ಕೊನೆಯ ಪುಟಗಳಲ್ಲಿ ಹೊರಗಿನ ಪರಿಶೋಧಕರ ದೃಢೀಕರಣ ಪತ್ರ ಇರುತ್ತದೆ. ‘ಸೀಮಿತ ಭರವಸೆ’ ಎಂಬ ಬಗೆಯ ಪತ್ರ ಹೇಳುವುದು ಇಷ್ಟೇ: ನಾವು ನೋಡಿದಷ್ಟರಲ್ಲಿ ತಪ್ಪಿದೆ ಎನ್ನುವಂಥದ್ದು ಗಮನಕ್ಕೆ ಬಂದಿಲ್ಲ. ಇನ್ನೂ ಆಳವಾದ ‘ಸಮಂಜಸ ಭರವಸೆ’ಯಲ್ಲಿ ಅಂಕಿ ಸರಿ ಎಂದು ಪರಿಶೋಧಕ ಅಭಿಪ್ರಾಯ ಕೊಡುತ್ತಾನೆ. ಎರಡರಲ್ಲೂ ಯಾವ ಅಂಕಿಗಳನ್ನು ನೋಡಿದರು ಎಂಬ ಪಟ್ಟಿ ಮುಖ್ಯ. ಪಟ್ಟಿಯ ಹೊರಗಿರುವ ಸಾಲಿಗೆ ಆ ಸಹಿ ಅನ್ವಯಿಸುವುದಿಲ್ಲ. ಪರಿಶೋಧಕ ಕಡತ ನೋಡುತ್ತಾನೆ. ಸೈಲೆನ್ಸರಿಗೆ ಕೊಳವೆ ಸಿಕ್ಕಿಸುವುದು ಅವನ ಒಪ್ಪಂದದಲ್ಲಿ ಇರುವುದಿಲ್ಲ.

ಕೊನೆಯದು, ಮಾರ್ಗನ್‌ಟೌನಿನವರು ನಿಜವಾಗಿ ಮಾಡಿದ್ದು: ಕಂಪನಿಯ ಹಿಡಿತದಲ್ಲಿ ಇಲ್ಲದ ಒಂದು ಅಳತೆಯನ್ನು ತಂದು ವರದಿಯ ಪಕ್ಕ ಇಡುವುದು, ಜೊತೆಗೆ ಅದೇ ಸ್ಥಿತಿಯಲ್ಲಿರುವ ಇನ್ನೊಂದು ಕಂಪನಿಯನ್ನೂ ಇಡುವುದು. ಎಲ್ಲರ ಡಿಕ್ಕಿಯಲ್ಲೂ ಅನಿಲ ವಿಶ್ಲೇಷಕ ಇರುವುದಿಲ್ಲ, ನಿಜ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು, ಹಸಿರು ನ್ಯಾಯಮಂಡಳಿಯ ಆದೇಶ, ಕಾರ್ಖಾನೆಗೆ ಕೊಟ್ಟ ಪರವಾನಗಿಯ ಷರತ್ತು, ಪಕ್ಕದ ಕಂಪನಿಯ ಅದೇ ಸಾಲು, ಇವೆಲ್ಲ ವಿದ್ಯಾರ್ಥಿಗೂ ಸಿಗಬಲ್ಲ ದಾಖಲೆಗಳು. ಒಂದೇ ಸಿಮೆಂಟಿನ ಇಬ್ಬರು ತಯಾರಕರಲ್ಲಿ ಒಬ್ಬರ ಅಂಕಿ ಇನ್ನೊಬ್ಬರದರ ಅರ್ಧ ಇದ್ದರೆ, ಅದು ಹೊಸ ತಂತ್ರಜ್ಞಾನವೋ ಬೇರೆ ಗಡಿಯೋ ಎಂದು ಕೇಳಲು ಅಷ್ಟೇ ಸಾಕು.

ಈ ವಿಧಾನಕ್ಕೂ ಮಿತಿ ಇದೆ. ಅಂತರ ಕಂಡ ಮಾತ್ರಕ್ಕೆ ವಂಚನೆ ಸಿದ್ಧವಾಗುವುದಿಲ್ಲ. ಭಾರತದಲ್ಲೇ ಫೋಕ್ಸ್‌ವ್ಯಾಗನ್ 2015ರ ಡಿಸೆಂಬರಿನಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಸುವುದಾಗಿ ಹೇಳಿತು. ಆದರೆ ಇಲ್ಲಿನ ನಿಯಮ ಮುರಿದಿಲ್ಲ ಎಂಬುದು ಅದರ ವಾದವಾಗಿತ್ತು. ಆಗಿನ ನಮ್ಮ ನಿಯಮದಲ್ಲಿ ರಸ್ತೆಯ ಮೇಲಿನ ಪರೀಕ್ಷೆಯೇ ಇರಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಕಾರಿನ ಹೊಗೆಯನ್ನು ರಸ್ತೆಯಲ್ಲೇ ಅಳೆಯುವ ನಿಯಮ ಬಿಎಸ್-6ರ ಎರಡನೆಯ ಹಂತದಲ್ಲಿ, 2023ರ ಏಪ್ರಿಲಿನಿಂದ ಜಾರಿಗೆ ಬಂತು. ಮಾರ್ಗನ್‌ಟೌನಿನವರು ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದಂಥ ಉಪಕರಣವೇ ಈಗ ಸರ್ಟಿಫಿಕೇಟಿನ ಭಾಗ.

ಕಾರಿನ ಕಾನೂನು ಹೀಗೆ ಗೇಟಿನಾಚೆಗೆ ಬಂದಿತು. ಸುಸ್ಥಿರತಾ ವರದಿ ಇನ್ನೂ ಬಹುಪಾಲು ಗೇಟಿನೊಳಗೇ ಇದೆ. ಬಿಆರ್‌ಎಸ್‌ಆರ್‌ನಲ್ಲಿ ಸ್ಕೋಪ್ 3 ಇರುವುದು ಐಚ್ಛಿಕ ಪ್ರಶ್ನೆಗಳ ಸಾಲಿನಲ್ಲಿ. ಅದನ್ನು ತುಂಬಿದವರು ಯಾರು, ಖಾಲಿ ಬಿಟ್ಟವರು ಯಾರು ಎಂದು ಒಂದೇ ಉದ್ಯಮದ ಐದು ಕಂಪನಿಗಳ ವರದಿ ಹಿಡಿದು ಒಂದು ಸಂಜೆ ಕೂತರೆ ಪಟ್ಟಿ ಮಾಡಬಹುದು. ಓದನ್ನು ಆ ಪಟ್ಟಿಯಿಂದ ಶುರುಮಾಡಿ, ಅಧ್ಯಕ್ಷರ ಮುನ್ನುಡಿಯನ್ನು ಕೊನೆಗೆ ಇಟ್ಟುಕೊಳ್ಳಿ.